ಕಡಿಮೆ ಫೀಸಿನ ಕಾಲೇಜೇ ದುಬಾರಿಯಾದಾಗ

ಸಿಇಟಿ ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿಗೆ ಕೂರುವ ಹೆಚ್ಚಿನ ಮನೆಗಳಲ್ಲಿ ಕಾಲೇಜುಗಳನ್ನು ಹೋಲಿಸುವುದು ಒಂದು ವರ್ಷದ ಬೋಧನಾ ಶುಲ್ಕ ನೋಡಿ. ಆದರೆ ಅಪ್ಪ-ಅಮ್ಮ ಕಟ್ಟಬೇಕಾದದ್ದು ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್, ಮೆಸ್ ಮತ್ತು ಸಾಲದ ಬಡ್ಡಿ. ಇವೆಲ್ಲ ಕೂಡಿದಾಗ ಅಗ್ಗವೆಂದುಕೊಂಡ ಸೀಟು ದುಬಾರಿಯಾಗುವುದುಂಟು.

ದಾವಣಗೆರೆಯ ಒಂದು ಕುಟುಂಬ ಎಂದಿಟ್ಟುಕೊಳ್ಳಿ. ಮಗಳ ಮುಂದೆ ಎರಡು ಖಾಸಗಿ ಕಾಲೇಜುಗಳಿವೆ. ಮೊದಲನೆಯದು ಬೆಂಗಳೂರಿನಲ್ಲಿ, ಸಿಇಟಿ ಸೀಟು. ಎರಡನೆಯದು ಊರಿನಲ್ಲೇ, ಕಾಮೆಡ್‌ಕೆ ಸೀಟು. ಇಲ್ಲಿನ ಮೊತ್ತಗಳು ಲೆಕ್ಕ ತೋರಿಸಲು ಹಿಡಿದ ಅಂದಾಜು. ನಿಮ್ಮ ಕಾಲೇಜಿನ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟು ನೋಡಬಹುದು.

ಬೆಂಗಳೂರಿನ ಕಾಲೇಜಿಗೆ ಶುಲ್ಕ ಮತ್ತು ಇತರೆ ಫೀಸು ಸೇರಿ ವರ್ಷಕ್ಕೆ 1,40,000 ರೂಪಾಯಿ. ನಾಲ್ಕು ವರ್ಷಕ್ಕೆ 5,60,000. ಹಾಸ್ಟೆಲ್ ಮತ್ತು ಮೆಸ್ ಮೊದಲ ವರ್ಷ 1,30,000, ಆಮೇಲೆ ವರ್ಷಕ್ಕೆ ಹತ್ತು ಸಾವಿರ ಏರಿದರೆ ಒಟ್ಟು 5,80,000. ಓಡಾಟಕ್ಕೆ 60,000. ಎಲ್ಲ ಸೇರಿ 12 ಲಕ್ಷ.

ಊರಿನ ಕಾಲೇಜಿನ ಫೀಸು ವರ್ಷಕ್ಕೆ 2,20,000. ನೋಡಿದ ಕೂಡಲೇ ಬೇಡ ಅನ್ನಿಸುತ್ತದೆ. ಆದರೆ ನಾಲ್ಕು ವರ್ಷಕ್ಕೆ 8,80,000, ಕಾಲೇಜು ಬಸ್ಸಿಗೆ ಒಂದು ಲಕ್ಷ, ಮನೆಯೂಟದ ಖರ್ಚೆಂದು 80,000 ಸೇರಿಸಿದರೂ ಒಟ್ಟು 10,60,000. ಫೀಸು ವರ್ಷಕ್ಕೆ 80,000 ಹೆಚ್ಚಿದ್ದರೂ ಒಟ್ಟು ವೆಚ್ಚದಲ್ಲಿ ಇದೇ 1,40,000 ಕಡಿಮೆ.

ಈಗ ಬಡ್ಡಿಗೆ ಬರೋಣ. ಎರಡರಲ್ಲೂ ಕುಟುಂಬ ಕೈಯಿಂದ ನಾಲ್ಕು ಲಕ್ಷ ಹಾಕಿ ಉಳಿದದ್ದಕ್ಕೆ ಶೇ. 10ರ ಬಡ್ಡಿಯಲ್ಲಿ ಶಿಕ್ಷಣ ಸಾಲ ಮಾಡುತ್ತದೆ ಎನ್ನೋಣ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂಬುದು ಸಾಮಾನ್ಯ ನಿಯಮ. ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದಲ್ಲ. ಬ್ಯಾಂಕು ಹಣ ಬಿಡುಗಡೆ ಮಾಡಿದ ದಿನದಿಂದಲೇ ಬಡ್ಡಿ ಓಡುತ್ತದೆ.

ಬೆಂಗಳೂರಿನ ಸೀಟಿಗೆ 8 ಲಕ್ಷ ಸಾಲ, ವರ್ಷಕ್ಕೆ 2 ಲಕ್ಷದಂತೆ. ಮೊದಲ ಕಂತಿನ ಹಣಕ್ಕೆ ಐದು ವರ್ಷದ ಸರಳ ಬಡ್ಡಿ ಒಂದು ಲಕ್ಷ, ಎರಡನೆಯದಕ್ಕೆ 80,000, ಮೂರನೆಯದಕ್ಕೆ 60,000, ಕೊನೆಯದಕ್ಕೆ 40,000. ಮರುಪಾವತಿ ಶುರುವಾಗುವ ಹೊತ್ತಿಗೆ ಸಾಲ 10,80,000. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 14,270. ಒಟ್ಟು ಕಟ್ಟುವುದು 17 ಲಕ್ಷ ದಾಟುತ್ತದೆ. ಊರಿನ ಸೀಟಿಗೆ 6,60,000 ಸಾಲ. ಅದೇ ಲೆಕ್ಕದಲ್ಲಿ ಕಂತು 11,775, ಒಟ್ಟು ಸುಮಾರು 14,13,000. ಮೊದಲು 1,40,000 ಇದ್ದ ಅಂತರ ಬಡ್ಡಿ ಸೇರಿ ಹತ್ತಿರ ಹತ್ತಿರ 3 ಲಕ್ಷ ಆಯಿತು.

ಇನ್ನೊಂದು ವ್ಯತ್ಯಾಸ ಬ್ಯಾಂಕಿನ ಮೇಜಿನ ಮುಂದೆ ಗೊತ್ತಾಗುತ್ತದೆ. ಕೇಂದ್ರದ ಖಾತರಿ ಯೋಜನೆಯಡಿ ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ. 6,60,000 ಇದರೊಳಗೆ ಬರುತ್ತದೆ, 8 ಲಕ್ಷ ಬರುವುದಿಲ್ಲ. ಮನೆಪತ್ರ ಕೇಳುವ ಸಾಧ್ಯತೆ ಅಲ್ಲಿಂದ ಶುರು. ಮ್ಯಾನೇಜ್‌ಮೆಂಟ್ ಕೋಟಾ ಸೀಟಿಗಂತೂ ಸಾಲ ಕೊಡುವುದರಲ್ಲಿ ಒಂದೊಂದು ಬ್ಯಾಂಕಿನದು ಒಂದೊಂದು ನಿಯಮ. ರಸೀದಿ ಕೊಡದೆ ಪಡೆದ ಹಣಕ್ಕೆ ಸಾಲ ಸಿಗುವುದಿಲ್ಲ.

ಬಡ್ಡಿ ತಗ್ಗಿಸುವ ಒಂದು ದಾರಿ ಪೋಷಕರ ಕೈಯಲ್ಲೇ ಇದೆ. ಓದುವಾಗಲೇ ತಿಂಗಳ ಬಡ್ಡಿಯನ್ನಷ್ಟೇ ಕಟ್ಟುತ್ತ ಹೋಗುವುದು. 8 ಲಕ್ಷದ ಸಾಲಕ್ಕೆ ಮೊದಲ ವರ್ಷ ಇದು ತಿಂಗಳಿಗೆ ಸುಮಾರು 1,670. ನಾಲ್ಕನೇ ವರ್ಷ 6,670. ಹೀಗೆ ಮಾಡಿದರೆ ಆಮೇಲಿನ ಕಂತು 10,570ಕ್ಕೆ ಇಳಿದು, ಒಟ್ಟಾರೆ 1,64,000 ಉಳಿಯುತ್ತದೆ. ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿನ ಕುಟುಂಬಗಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯಿದೆ. ಕಾಲೇಜಿನ ಮಾನ್ಯತೆಯೂ ಅದಕ್ಕೆ ಮುಖ್ಯ. ಸಾಲದ ಅರ್ಜಿ ಹಾಕುವಾಗಲೇ ಬ್ಯಾಂಕಿನಲ್ಲಿ ವಿಚಾರಿಸಿ, ಆದಾಯ ಪ್ರಮಾಣಪತ್ರ ಸಿದ್ಧವಿಟ್ಟುಕೊಳ್ಳಿ.

ಬೆಂಗಳೂರಿನ ಕಾಲೇಜಿನ ವಿಭಾಗ, ಪ್ರಯೋಗಾಲಯ, ಕ್ಯಾಂಪಸ್ ಆಯ್ಕೆ ನಿಜಕ್ಕೂ ಮೇಲಿದ್ದರೆ ತಿಂಗಳಿಗೆ 2,500 ಹೆಚ್ಚು ಕಂತು ಕಟ್ಟುವುದು ತಪ್ಪಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ಬರೀ ಊರಿನ ಹೆಸರಿಗೆ ಅಷ್ಟು ಕೊಡಬೇಡಿ. ಆಪ್ಷನ್ ಎಂಟ್ರಿಗೆ ಮುಂಚೆಯೇ ಕಾಲೇಜಿನಿಂದ ನಾಲ್ಕೂ ವರ್ಷದ ಶುಲ್ಕದ ವಿವರವನ್ನು ಲಿಖಿತವಾಗಿ ಪಡೆಯಿರಿ. ಹಾಸ್ಟೆಲ್ ಶುಲ್ಕದಲ್ಲಿ ಊಟ ಸೇರಿದೆಯೇ, ಅದು ಹತ್ತು ತಿಂಗಳಿಗೋ ಹನ್ನೆರಡಕ್ಕೋ, ಪ್ರತಿವರ್ಷ ಎಷ್ಟು ಏರುತ್ತದೆ ಎಂದು ಕೇಳಿ. ಬ್ಯಾಂಕಿನವರನ್ನು ಬಡ್ಡಿದರದ ಜೊತೆಗೆ, ಓದು ಮುಗಿದ ಮರುವರ್ಷದ ಸಾಲದ ಮೊತ್ತ ಮತ್ತು ಕಂತು ಎಷ್ಟೆಂದೂ ಕೇಳಿ. ಮಕ್ಕಳ ಮೊದಲ ಸಂಬಳದಿಂದ ಹೋಗುವುದು ಆ ಕಂತು. ಅದನ್ನು ಅವರ ಜೊತೆ ಕೂತು ನೋಡಿದ ಮೇಲೆಯೇ ಕಾಲೇಜುಗಳ ಕ್ರಮವನ್ನು ಅಂತಿಮಗೊಳಿಸಿ.