ಒಂದು ಪೆಂಡಿ ಮೆಂತ್ಯೆ, ಒಂದು ತಾಟಿನ ಲೆಕ್ಕ

ಮಿರಜಿನ ದವಾಖಾನೆಗಳಿಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ರೋಗಿಗಳು ಬರುವುದು ನಮಗೆಲ್ಲ ಗೊತ್ತು. ಅವರ ಜೊತೆ ಬಂದವರಿಗೆ ರೊಟ್ಟಿ-ಪಲ್ಲೆಯ ಡಬ್ಬಿ ಮಾಡಿಕೊಟ್ಟು ಸಂಸಾರ ನಡೆಸುವ ಹೆಣ್ಣುಮಕ್ಕಳೂ ಇದ್ದಾರೆ. ನಮ್ಮ 7ನೇ ಇಯತ್ತೆಯ ಹುಡುಗಿಯೊಬ್ಬಳ ತಾಯಿ ದಿನಕ್ಕೆ 30 ಡಬ್ಬಿ ಕೊಡುತ್ತಾರೆ. ಪಾಲಕರ ಸಭೆಗೆ ಬಂದಾಗ ಅವರು ಹೇಳಿದ್ದು ಇಷ್ಟು: “ಡಬ್ಬಿ ಎಲ್ಲಾ ಖಾಲಿ ಆಗ್ತಾವ್ರಿ ಸರ, ಆದ್ರ ರೊಕ್ಕ ಕೈಯಾಗ ಉಳಿಯಾಂಗಿಲ್ರಿ. ಎಲ್ಲಿ ಸೋರತೈತಿ ತಿಳಿವಲ್ದು.”

ಶೇಕಡಾವಾರಿಯ ಪಾಠ ನಡೆದಿತ್ತು. ಇದನ್ನೇ ಉದಾಹರಣೆ ಮಾಡಿಕೊಂಡೆವು. ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, 100 ಗ್ರಾಮ್ ಮೆಂತ್ಯೆ ಪಲ್ಲೆ, ಸ್ವಲ್ಪ ಶೇಂಗಾ ಚಟ್ನಿ. ಬೆಲೆ 30 ರೂಪಾಯಿ. ಪಲ್ಲೆಗೆ ಅವರ ಲೆಕ್ಕ ಹೀಗಿತ್ತು: ಪೆಂಡಿಗೆ 15 ರೂಪಾಯಿ, ಒಂದು ಪೆಂಡಿ 400 ಗ್ರಾಮ್ ತೂಗುತ್ತದೆ, ಅಂದರೆ ಕಿಲೊಕ್ಕೆ 37.50. ನೂರು ಗ್ರಾಮಿಗೆ ಮೂರೂ ಮುಕ್ಕಾಲು ರೂಪಾಯಿ. ಬೇಳೆ, ಎಣ್ಣೆ ಎಂದು ಇನ್ನೊಂದೂವರೆ ಸೇರಿಸಿದರೆ ಐದೂ ಕಾಲು. ನೋಡಲು ಸರಿಯಾಗಿಯೇ ಇದೆ. ಆದರೆ ತಾಟಿಗೆ ಬರುವುದು ಪೆಂಡಿಯಲ್ಲ, ಸೋಸಿದ ಎಲೆ. ಅದೂ ಹಸಿ ಎಲೆಯಲ್ಲ, ಬೆಂದ ಪಲ್ಲೆ. ಸೋರುತ್ತಿದ್ದದ್ದು ಈ ಎರಡು ಮೆಟ್ಟಿಲುಗಳಲ್ಲಿ.

ಮೊದಲನೆಯದು ಸೋಸುವಿಕೆ. ಬೇರು, ಮಣ್ಣು, ದಪ್ಪ ದಂಟು, ಹಳದಿಯಾದ ಎಲೆ, ಪೆಂಡಿ ಕಟ್ಟಿದ ದಾರ ಇವೆಲ್ಲ ತಿಪ್ಪೆಗೆ ಹೋಗುತ್ತವೆ. ಮಕ್ಕಳು ತೂಕ ಮಾಡಿದಾಗ 10 ಪೆಂಡಿ, ಅಂದರೆ 4 ಕಿಲೊದಲ್ಲಿ, ಉಳಿದದ್ದು 2.2 ಕಿಲೊ ಮಾತ್ರ. 2.2 ÷ 4 = 0.55. ಉಳಿಕೆ ಶೇ. 55, ಹಾನಿ ಶೇ. 45.

ಇಲ್ಲಿ ವರ್ಗದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎಡವಿದರು. “ಶೇ. 45 ಹಾಳಾಯಿತು, ಹಾಗಾದರೆ 37.50ಕ್ಕೆ ಶೇ. 45 ಕೂಡಿಸೋಣ” ಎಂದು 54.38 ಬರೆದರು. ಇದು ತಪ್ಪು ಎಂದು ಹೇಳಬೇಕಾಗಿಲ್ಲ, ತಾಳೆ ನೋಡಿದರೆ ಅವರಿಗೇ ತಿಳಿಯುತ್ತದೆ. 2.2 ಕಿಲೊ ಎಲೆಯನ್ನು 54.38ರಿಂದ ಗುಣಿಸಿದರೆ ಸುಮಾರು 120 ರೂಪಾಯಿ ಬರುತ್ತದೆ. ನಾವು ಕೊಟ್ಟದ್ದು 150. ಉಳಿದ 30 ರೂಪಾಯಿ ಎಲ್ಲಿ ಹೋಯಿತು? ಕೊಟ್ಟ ಹಣವೆಲ್ಲ ಉಳಿದ ಎಲೆಯ ಮೇಲೆಯೇ ಕೂಡಬೇಕು. ಆದ್ದರಿಂದ ಕೂಡಿಸುವುದಲ್ಲ, ಉಳಿಕೆಯಿಂದ ಭಾಗಿಸಬೇಕು:

ಸೋಸಿದ ಎಲೆಯ ದರ = ಕೊಂಡ ದರ ÷ ಉಳಿಕೆ = 37.50 ÷ 0.55 = 68.18 ರೂ.

ಶೇ. 45 ಹಾಳಾದರೆ ದರ ಶೇ. 45 ಏರುವುದಿಲ್ಲ, ಸುಮಾರು ಶೇ. 82 ಏರುತ್ತದೆ. ಹಾನಿ ಶೇ. 50 ಆದರೆ ದರ ಎರಡರಷ್ಟಾಗುತ್ತದೆ ಎಂಬ ಸುಲಭ ಉದಾಹರಣೆಯಿಂದ ಪ್ರಾರಂಭಿಸಿದರೆ ಮಕ್ಕಳಿಗೆ ಬೇಗ ಹಿಡಿಯುತ್ತದೆ.

ಎರಡನೆಯದು ಬೇಯಿಸುವಿಕೆ. ಸೊಪ್ಪು, ಉಳ್ಳಾಗಡ್ಡಿ ನೀರು ಬಿಟ್ಟು ಇಳಿಯುತ್ತವೆ. ನೆನೆದ ಹೆಸರುಬೇಳೆ ನೀರು ಕುಡಿದು ಹೆಚ್ಚುತ್ತದೆ. ಒಂದು ಏರು, ಒಂದು ಇಳಿ. ಹೀಗಾಗಿ ಹಸಿ ತೂಕಗಳನ್ನು ಕೂಡಿಸಿ ಪಲ್ಲೆ ಎಷ್ಟಾಗುತ್ತದೆಂದು ಹೇಳಲು ಬರುವುದಿಲ್ಲ. ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಂಡು, ಒಲೆಯಿಂದ ಇಳಿಸಿದ ಮೇಲೆ ಪಾತ್ರೆಸಹಿತ ತೂಗಿ ಕಳೆಯುವುದೊಂದೇ ದಾರಿ. ಆ ದಿನದ ಖರ್ಚು ಹೀಗಿತ್ತು:

ಮೆಂತ್ಯೆ 10 ಪೆಂಡಿ – 150 ರೂ.
ಉಳ್ಳಾಗಡ್ಡಿ 1 ಕಿಲೊ – 30 ರೂ.
ಹೆಸರುಬೇಳೆ ಅರ್ಧ ಕಿಲೊ – 60 ರೂ.
ಎಣ್ಣೆ 200 ಗ್ರಾಮ್ – 30 ರೂ.
ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಅರಿಷಿಣ, ಉಪ್ಪು – 25 ರೂ.
ಒಟ್ಟು – 295 ರೂ.

ಇಳಿಸಿದ ಪಲ್ಲೆ 3.1 ಕಿಲೊ. ತಳಕ್ಕೆ ಹತ್ತಿದ್ದು, ಸೌಟಿಗೆ ಅಂಟಿದ್ದು 100 ಗ್ರಾಮ್ ಬಿಟ್ಟರೆ ಡಬ್ಬಿಗೆ ಬಿದ್ದದ್ದು 3 ಕಿಲೊ, ಅಂದರೆ 30 ಡಬ್ಬಿ. 295 ÷ 30 = 9.83 ರೂ. ಐದೂ ಕಾಲು ಎಂದುಕೊಂಡಿದ್ದ ಪಲ್ಲೆ ಹತ್ತರ ಹತ್ತಿರ ಇತ್ತು! 30 ಡಬ್ಬಿಗೆ ದಿನಕ್ಕೆ 137 ರೂಪಾಯಿಯ ಅಂತರ. ಜೋಳ, ಬೇಳೆ, ಎಣ್ಣೆ ತಿಂಗಳಿಗೊಮ್ಮೆ ಬರುವುದರಿಂದ ದಿನದ ಖರ್ಚು ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ಇನ್ನು ರೊಟ್ಟಿ. ಒಂದು ಕಿಲೊ ಜೋಳಕ್ಕೆ ಗಿರಣಿ ಕೂಲಿಸಹಿತ 55 ರೂ., ಅದರಲ್ಲಿ 12 ರೊಟ್ಟಿ. ಎರಡಕ್ಕೆ 9.17 ರೂ. ಚಟ್ನಿಗೆ 2 ರೂ. ಎಲ್ಲ ಕೂಡಿ ಒಂದು ತಾಟಿಗೆ 21 ರೂಪಾಯಿ. ಉಳಿಯುವುದು 9. ಗ್ಯಾಸ್, ಖೋಲಿಯ ಬಾಡಿಗೆ, ಅವರ ದುಡಿಮೆ ಎಲ್ಲ ಅದರಲ್ಲೇ ಆಗಬೇಕು.

ಈಗ ದರ ಏರುವ ಮಾತು. ಮಿರಜಿನ ಲಕ್ಷ್ಮೀ ಮಾರ್ಕೆಟ್ಟಿನಲ್ಲಾಗಲಿ ವಾರದ ಸಂತೆಯಲ್ಲಾಗಲಿ ಸೊಪ್ಪು ಕೊಡುವುದು ಪೆಂಡಿ ಲೆಕ್ಕದಲ್ಲಿ. ತೂಕಕ್ಕಲ್ಲ. ಸೊಪ್ಪು ಕಡಿಮೆಯಾದಾಗ ದರ ಏರುವುದರ ಜೊತೆಗೆ ಪೆಂಡಿಯೂ ಸಣ್ಣದಾಗುತ್ತದೆ, ಬಾಡಿದ ಎಲೆ ಹೆಚ್ಚಿ ಉಳಿಕೆಯೂ ಇಳಿಯುತ್ತದೆ. ಪೆಂಡಿ 25 ರೂಪಾಯಿ, ತೂಕ 300 ಗ್ರಾಮ್, ಸೋಸಿದರೆ 150 ಗ್ರಾಮ್ ಎಂದು ಹಿಡಿಯೋಣ. ಅದೇ 2.2 ಕಿಲೊ ಎಲೆಗೆ 15 ಪೆಂಡಿ ಬೇಕು, 375 ರೂಪಾಯಿ. ಪೆಂಡಿಯ ದರ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಏರಿತು, ಆದರೆ ಎಲೆಯ ಖರ್ಚು ಎರಡೂವರೆ ಪಟ್ಟಾಯಿತು. ಪಲ್ಲೆಯ ಒಟ್ಟು ಖರ್ಚು 520, ಡಬ್ಬಿಗೆ 17.33. ತಾಟು 28.50ಕ್ಕೆ ಮುಟ್ಟಿತು. 30 ಡಬ್ಬಿ ಮಾರಿದರೆ ಗ್ಯಾಸಿಗೂ ಸೇರಿ ಉಳಿಯುವುದು 45 ರೂಪಾಯಿ! ಆ ತಾಯಿಯ “ಸೋರತೈತಿ” ಎಂಬ ಮಾತಿನ ಅರ್ಥ ಇಲ್ಲಿ ಸ್ಪಷ್ಟವಾಯಿತು.

ದವಾಖಾನೆಯಲ್ಲಿ ಕುಳಿತವರಿಗೆ ದಿನಕ್ಕೊಂದು ದರ ಹೇಳಲು ಬರುವುದಿಲ್ಲ. ಆದ್ದರಿಂದ ಅವರು ಗೆರೆ ಹಾಕಿಕೊಂಡರು. ತಾಟಿನ ಖರ್ಚು 23 ದಾಟಬಾರದು. ಅಂದರೆ ಪಲ್ಲೆ 11.83ರೊಳಗೆ ಇರಬೇಕು, 30 ಡಬ್ಬಿಗೆ 355. ಮೆಂತ್ಯೆ ಬಿಟ್ಟು ಉಳಿದ ಸಾಮಾನಿಗೆ 145 ಹೋದರೆ ಸೊಪ್ಪಿಗೆ 210 ಉಳಿಯಿತು. 2.2ರಿಂದ ಭಾಗಿಸಿದರೆ ಸೋಸಿದ ಎಲೆಗೆ ಕಿಲೊಕ್ಕೆ ಸುಮಾರು 95 ರೂಪಾಯಿ. ಅದನ್ನು ದಾಟಿದ ದಿನ ಮೆಂತ್ಯೆ ಬಿಟ್ಟು ಕೋಬಿ. ಕೋಬಿಯಲ್ಲಿ ಹೊರಗಿನ ಎಲೆ, ದಂಟು ಹೋದರೂ ಹಾನಿ ಕಡಿಮೆ. ಉಳಿಕೆ ಶೇ. 85 ಬಂದರೆ, ಕಿಲೊಕ್ಕೆ 30 ರೂಪಾಯಿಯ ಕೋಬಿ ಸೋಸಿದ ಮೇಲೆ 35ಕ್ಕೆ ಬೀಳುತ್ತದೆ. ಆದರೆ ಕೋಬಿ ಬೇಯುವಾಗ ಇಳಿಯುವ ಪ್ರಮಾಣವೇ ಬೇರೆ. ಮೆಂತ್ಯೆಯ 3 ಕಿಲೊ ಎಂಬ ಅಂಕಿಯನ್ನು ಅದಕ್ಕೆ ಹಚ್ಚದೆ ಪಾತ್ರೆಯನ್ನು ಮತ್ತೆ ತೂಗಬೇಕು.

ವರ್ಗದಲ್ಲಿ ಮಾಡಿಸುವಾಗ ಒಂದು ಎಚ್ಚರಿಕೆ. ನಮ್ಮ ಒಂದು ಗುಂಪಿಗೆ ಉಳಿಕೆ ಶೇ. 70 ಬಂತು. ಉಳಿದ ಗುಂಪುಗಳಿಗೆ 53ರಿಂದ 57. ವಿಚಾರಿಸಿದರೆ ಅವರು ಎಲೆ ತೊಳೆದ ಕೂಡಲೇ ತೂಗಿದ್ದರು, ನೀರನ್ನೂ ಸೊಪ್ಪೆಂದು ಎಣಿಸಿದ್ದರು. ಸೋಸಿದ ಮೇಲೆ, ತೊಳೆಯುವ ಮೊದಲು ತೂಗಬೇಕು. ತಿಪ್ಪೆಗೆ ಹೋಗುವುದನ್ನೂ ಬೇರೆ ತೂಗಿ, ಎರಡೂ ಕೂಡಿ ಮೊದಲಿನ ತೂಕಕ್ಕೆ ಸರಿಹೊಂದುತ್ತವೆಯೇ ನೋಡಿದರೆ ಇಂಥ ತಪ್ಪು ತಕ್ಷಣ ಸಿಗುತ್ತದೆ. ಅಂಗಡಿಯವರು ನೀರು ಚಿಮುಕಿಸಿದ ಸೊಪ್ಪಾದರೆ ಪೆಂಡಿಯನ್ನು ಮೊದಲು ಝಾಡಿಸಿಕೊಳ್ಳಿ.

ಆ ತಾಯಿಯ ಅಡುಗೆಮನೆಯ ಗೋಡೆಗೆ ಈಗ ಒಂದು ಕಾಗದ ಅಂಟಿದೆ. ಅದರಲ್ಲಿ ಪ್ರತಿ ಸೋಮವಾರ ಮಗಳು ಬರೆಯುವುದು ಮೂರೇ ಅಂಕಿ: ಪೆಂಡಿಯ ದರ, ಒಂದು ಪೆಂಡಿಯಿಂದ ಸಿಕ್ಕ ಎಲೆ, ಎಲೆಯ ಕಿಲೊ ದರ. ಮೂರನೆಯದು 95 ದಾಟಿದರೆ ಆ ವಾರ ಕೋಬಿ ಪಲ್ಲೆ.