ಮೊದಲ ಪ್ಯಾರಾದಲ್ಲಿ ಅಪ್ಪನಿಗೆ ಎಷ್ಟು ಜಾಗ?

ಹೊರದೇಶದಲ್ಲಿ ಎಂಎಸ್ ಓದಲು ಅರ್ಜಿ ಹಾಕುವವರು ಒಂದೆರಡು ಪುಟದ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಬರೆಯಬೇಕಾಗುತ್ತದೆ. ಹೆಚ್ಚಿನವರ ಪೆನ್ನು ನಿಲ್ಲುವುದು ಮೊದಲ ಪ್ಯಾರಾದಲ್ಲೇ.

ಕೋಲಾರ ಜಿಲ್ಲೆಯ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಅಪ್ಪ ಟೊಮೆಟೊ ಬೆಳೆಗಾರ, ಹೊಲದ ಬೋರ್‌ವೆಲ್ ಬತ್ತಿದೆ. ಇವಳು ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದಾಳೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆ ಗೊತ್ತಲ್ಲ, ಅದರಿಂದ ತುಂಬಿದ ಕೆರೆಯೊಂದರ ಸುತ್ತಲಿನ ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದದ್ದೇ ಕೊನೆಯ ವರ್ಷದ ಪ್ರಾಜೆಕ್ಟು.

ಅವಳ ಮೊದಲ ಕರಡು ಹೀಗಿರುತ್ತದೆ: “ಬರದ ನಾಡಿನಲ್ಲಿ ಹುಟ್ಟಿದ ನಾನು ಚಿಕ್ಕಂದಿನಿಂದಲೇ ರೈತರ ಕಷ್ಟ ಕಂಡಿದ್ದೇನೆ. ನೀರಿನ ಬಗ್ಗೆ ನನಗೆ ಅಪಾರ ಆಸಕ್ತಿ.” ಇದರಲ್ಲಿ ಸುಳ್ಳೇನಿಲ್ಲ. ಆದರೆ ಪಕ್ಕದ ಊರಿನ ಹುಡುಗನೂ ಇದರ ಕೆಳಗೆ ಸಹಿ ಹಾಕಬಹುದು. ಅರ್ಜಿ ಓದುವ ಪ್ರಾಧ್ಯಾಪಕರಿಗೆ ಬೇಕಾದದ್ದು ಕನಿಕರ ಹುಟ್ಟಿಸುವ ಕತೆಯಲ್ಲ. ಇವಳು ಯಾವ ಪ್ರಶ್ನೆ ಹಿಡಿದು ಬರುತ್ತಿದ್ದಾಳೆ, ಅದಕ್ಕೆ ತಕ್ಕ ತಯಾರಿ ಇದೆಯೇ ಎಂಬುದು.

ಹಾಗಾಗಿ ಅವಳನ್ನು ಕೇಳಬೇಕಾದದ್ದು, ಅಳೆದಾಗ ಏನು ಕಂಡಿತು ಎಂದು. ಉತ್ತರ ಸಿಕ್ಕರೆ ಪ್ಯಾರಾ ತಾನಾಗಿ ಬದಲಾಗುತ್ತದೆ:

“ನಮ್ಮ ಹೊಲದ ಬೋರ್‌ವೆಲ್ ಬತ್ತಿದ ಮೇಲೆ ಊರ ಕೆರೆಗೆ ಸಂಸ್ಕರಿಸಿದ ನೀರು ಬಂತು. ಅದರಿಂದ ಅಂತರ್ಜಲ ಏರುವುದೇ ಎಂದು ತಿಳಿಯಲು, ಬಿಇ ಕೊನೆಯ ವರ್ಷದಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ 14 ಬೋರ್‌ವೆಲ್‌ಗಳ ಮಟ್ಟ ಅಳೆದೆ. ಒಂಬತ್ತರಲ್ಲಿ ಏರಿತು. ಏರದ ಐದರಲ್ಲಿ ಒಂದು, ಕೆರೆಗೆ ಎಲ್ಲಕ್ಕಿಂತ ಹತ್ತಿರದ್ದು. ಗಟ್ಟಿ ಶಿಲೆಯ ಬಿರುಕುಗಳಲ್ಲಿ ನೀರು ಹಿಡಿಯುವ ದಾರಿ ಬರೀ ಮಟ್ಟದ ಅಳತೆಗೆ ಸಿಗಲಿಲ್ಲ. ಅದನ್ನು ಪತ್ತೆಹಚ್ಚಲು ಬೇಕಾದ ಐಸೊಟೋಪ್ ವಿಶ್ಲೇಷಣೆ ಮತ್ತು ಅಂತರ್ಜಲ ಮಾಡೆಲಿಂಗ್ ಕಲಿಯಲು ಜಲವಿಜ್ಞಾನದ ಎಂಎಸ್‌ಗೆ ಅರ್ಜಿ ಸಲ್ಲಿಸುತ್ತಿದ್ದೇನೆ.”

ಅಪ್ಪನ ಹೊಲ ಅರ್ಧ ವಾಕ್ಯಕ್ಕೆ ಇಳಿದಿದೆ, ಆದರೂ ಕೆಲಸ ಮಾಡುತ್ತಿದೆ: ಪ್ರಶ್ನೆ ಎಲ್ಲಿಂದ ಬಂತೆಂದು ಹೇಳುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸುವುದು ಆ ಏರದ ಬೋರ್‌ವೆಲ್. ಎಲ್ಲವೂ ಏರಿತು ಎಂದಿದ್ದರೆ ಮುಂದೆ ಓದಲು ಕಾರಣವೇ ಇರುತ್ತಿರಲಿಲ್ಲ. ತಿಂಗಳ ಹೆಸರೂ ಅಲಂಕಾರಕ್ಕಲ್ಲ. ಮಳೆಗಾಲದಲ್ಲಿ ಅಳೆದಿದ್ದರೆ, ಏರಿದ್ದು ಕೆರೆಯಿಂದಲೋ ಮಳೆಯಿಂದಲೋ ಎಂದು ವಿಷಯ ಬಲ್ಲವರು ತಕ್ಷಣ ಕೇಳುತ್ತಾರೆ. ಇಲ್ಲಿ ಬರೆದ ಪ್ರತಿ ಅಂಕಿಗೂ ಪ್ರಾಜೆಕ್ಟ್ ವರದಿಯಲ್ಲಿ ಆಧಾರ ಇರಲೇಬೇಕು. ಸಂದರ್ಶನ ನಡೆದರೆ ಮಾತು ಶುರುವಾಗುವುದು ಅಲ್ಲಿಂದಲೇ.

ಮನೆಯ ಕಷ್ಟವನ್ನು ವಿವರವಾಗಿ ಹೇಳಬೇಕೆನಿಸಿದರೆ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕೆಲವು ಕಡೆ ವೈಯಕ್ತಿಕ ಹಿನ್ನೆಲೆಗೆಂದೇ ಬೇರೆ ಪ್ರಬಂಧ ಕೇಳುತ್ತಾರೆ. ಟೊಮೆಟೊ ತೋಟ, ಸಾಲ, ಬತ್ತಿದ ಬೋರ್‌ವೆಲ್ಲಿನ ಪೂರ್ತಿ ಕತೆಗೆ ಜಾಗ ಅಲ್ಲಿದೆ.