ಹಳೆಯ ನುಡಿ ಕಡತಗಳಲ್ಲಿದೆ ಮನೆಯಿಂದಲೇ ಮಾಡುವ ಕೆಲಸ

ಓಡಾಟ ಕಷ್ಟವಾದರೂ ಕನ್ನಡ ಚೆನ್ನಾಗಿ ಬಲ್ಲವರು, ಮನೆಯಲ್ಲೊಂದು ಲ್ಯಾಪ್‌ಟಾಪ್ ಇರುವವರು ಏನು ಮಾಡಬಹುದು ಎಂದು ಕೇಳಿದರೆ ನಾನು ಮೊದಲು ಹೇಳುವುದು ಡಿಟಿಪಿ ಕೆಲಸವನ್ನೇ. ಅದರಲ್ಲೂ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಂದು ತಿದ್ದಿಕೊಡುವ ಕೆಲಸ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಸಿದ ಪುಸ್ತಕಗಳು ಎಷ್ಟೋ ಲೇಖಕರ, ಸಣ್ಣ ಪ್ರಕಾಶಕರ ಬಳಿ ಹಾಗೆಯೇ ಉಳಿದಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಇ-ಪುಸ್ತಕ ಮಾಡಲು, ಜಾಲತಾಣಕ್ಕೆ ಹಾಕಲು ಅವು ಒದಗುವುದಿಲ್ಲ.

ಪರಿವರ್ತಕ ತಂತ್ರಾಂಶ ಪುಕ್ಕಟೆಯಾಗಿಯೇ ಸಿಗುತ್ತದಲ್ಲ, ಇದಕ್ಕೆ ದುಡ್ಡು ಯಾರು ಕೊಡುತ್ತಾರೆ? ಪರಿವರ್ತನೆಯಾದ ಪಠ್ಯ ಒಮ್ಮೊಮ್ಮೆ ಕೆಟ್ಟು ಬರುತ್ತದೆ, ದುಡ್ಡು ಸಿಗುವುದು ಅದನ್ನು ಸರಿಮಾಡುವುದಕ್ಕೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದರು. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಈ ಅದಲುಬದಲು ತಪ್ಪಿದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಒಂದು ತಪ್ಪು ಸಿಕ್ಕರೆ ಅದೇ ಬಗೆಯವನ್ನು ಹುಡುಕಿ ಒಟ್ಟಿಗೆ ತಿದ್ದಬಹುದು. ಆಮೇಲೂ ಮೂಲದ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಓದಲೇಬೇಕು.

ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ ತೊಡಕಾಗುವುದು ಶಿಫ್ಟ್ ಕೀಲಿ. ಕಗಪ ವಿನ್ಯಾಸದಲ್ಲಿ ಮಹಾಪ್ರಾಣಕ್ಕೆಲ್ಲ ಅದು ಬೇಕು. ವಿಂಡೋಸ್‌ನಲ್ಲಿ ಶಿಫ್ಟನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಬೇಕೇ ಎಂದು ಕೇಳುತ್ತದೆ. ಹೌದೆಂದರೆ, ಮುಂದೆ ಶಿಫ್ಟನ್ನೂ ಅಕ್ಷರವನ್ನೂ ಒಂದಾದ ಮೇಲೊಂದರಂತೆ ಒತ್ತಿದರೆ ಸಾಕು.

ದರ ಹೇಳುವ ಮೊದಲು ಹತ್ತು ಪುಟ ಮಾಡಿ ನೋಡಿ. ಅದಕ್ಕೆ 80 ನಿಮಿಷ ಹಿಡಿಯಿತು ಎನ್ನಿ. 200 ಪುಟದ ಪುಸ್ತಕಕ್ಕೆ ಸುಮಾರು 27 ಗಂಟೆ ಬೇಕು. ಗಂಟೆಗೆ 120 ರೂಪಾಯಿ ಬರಬೇಕೆಂದರೆ ಪುಟಕ್ಕೆ 16, ಒಟ್ಟು 3,200 ರೂಪಾಯಿ. ನಿಮ್ಮೂರಿನ ಡಿಟಿಪಿ ಅಂಗಡಿಯವರ ದರವನ್ನೂ ಕೇಳಿ ತಿಳಿದುಕೊಳ್ಳಿ. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿರುವವರು ಒಂದೇ ಭಂಗಿಯಲ್ಲಿ ಕೂತರೆ ಒತ್ತಡದ ಹುಣ್ಣಾಗುತ್ತದೆ, ಆಗಾಗ ಭಾರ ಬದಲಿಸಲೇಬೇಕು. ದಿನಕ್ಕೆ ಮೂರೇ ಗಂಟೆ ಸಾಧ್ಯವಾದರೆ ಲೆಕ್ಕಕ್ಕೆ ಒಂಬತ್ತು ದಿನ ಬರುತ್ತದೆ, ಆದರೆ ಹದಿನೈದು ದಿನ ಕೇಳಿ. ಅವಸರಕ್ಕೆ ಒಪ್ಪಿಕೊಂಡು ಹುಣ್ಣು ತಂದುಕೊಂಡರೆ ವಾರಗಟ್ಟಲೆ ಮಲಗಬೇಕಾದೀತು.

ಎಷ್ಟು ಸಲ ಪ್ರೂಫ್ ತಿದ್ದಿಕೊಡುತ್ತೀರಿ ಎಂಬುದನ್ನು ಮೊದಲೇ ವಾಟ್ಸಾಪಿನಲ್ಲಿ ಬರೆದು ಒಪ್ಪಿಸಿಕೊಳ್ಳಿ. ಎರಡು ಸಲ ನ್ಯಾಯ. ಲೇಖಕರು ಹೊಸದಾಗಿ ಸೇರಿಸಿದ ಸಾಲುಗಳಿಗೆ ಬೇರೆ ಲೆಕ್ಕ. ಅರ್ಧ ಹಣ ಮುಂಗಡ ಕೇಳುವುದಕ್ಕೆ ಸಂಕೋಚ ಬೇಡ.

ಕೆಲಸ ಕೊಡುತ್ತೇವೆಂದು ನಿಮ್ಮಿಂದಲೇ ‘ನೋಂದಣಿ ಶುಲ್ಕ’ ಕೇಳುವ ಡೇಟಾ ಎಂಟ್ರಿ ಜಾಹೀರಾತುಗಳ ಹತ್ತಿರ ಸುಳಿಯಬೇಡಿ. ಕೆಲವರು ಕೆಲಸ ಮಾಡಿಸಿಕೊಂಡು, ತಪ್ಪು ಹೆಚ್ಚಾಯಿತೆಂದು ದಂಡದ ನೋಟಿಸ್ ಕಳಿಸಿ ಹೆದರಿಸುತ್ತಾರೆ. ಅದರ ಬದಲು ನಿಮ್ಮ ತಾಲ್ಲೂಕಿನ ಲೇಖಕರೊಬ್ಬರ ಹಳೆಯ ಕಡತದಿಂದ ಎರಡು ಪುಟ ತಿದ್ದಿ, ಮೂಲದ ಜೊತೆಗೇ ಕಳಿಸಿಕೊಡಿ.